ಹಾಲು ಕಟ್ಟಿ ಎದೆ ಬಾತಾಗ: ಮೊದಲ ಎರಡು ದಿನಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಬೆಂಗಳೂರಿನ ಬಹುತೇಕ ಮನೆಗಳಲ್ಲಿ ಬಾಣಂತಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡರೆ ಮೊದಲು ಬರುವ ಸಲಹೆ ಮೂರು ಬಗೆಯದು. ಬಿಸಿನೀರು ಹುಯ್ಯಬೇಕು, ಎಣ್ಣೆ ಹಚ್ಚಿ ಗಂಟನ್ನು ಬಲವಾಗಿ ತಿಕ್ಕಬೇಕು, ಎದೆ ಪೂರ್ತಿ ಬರಿದಾಗುವವರೆಗೆ ಹಾಲನ್ನು ಹಿಂಡಬೇಕು. ಕೆಲವು ವರ್ಷಗಳ ಹಿಂದಿನವರೆಗೆ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು, ಆದ್ದರಿಂದ ಹಿರಿಯರನ್ನು ದೂರುವಂತಿಲ್ಲ. ಆದರೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ಪರಿಷ್ಕರಿಸಿದ ತನ್ನ ಮಾರ್ಗಸೂಚಿಯಲ್ಲಿ ಈ ಮೂರನ್ನೂ ಹೆಚ್ಚುಕಡಿಮೆ ತಿರುಗಿಸಿ ಹಾಕಿದೆ. ಬಿಸಿಯ ಬದಲು ತಂಪು, ತಿಕ್ಕುವುದರ ಬದಲು ಹಗುರವಾದ ನೇವರಿಕೆ, ಬರಿದು ಮಾಡುವುದರ ಬದಲು ಮಗುವಿಗೆ ಬೇಕಾದಷ್ಟೇ ಹಾಲು ಎಂಬುದು ಈಗಿನ ಕ್ರಮ. ಇದರ ಹಿಂದಿನ ಕಾರಣ ತಿಳಿದರೆ ಮುಂದಿನ ಹೆಜ್ಜೆಗಳು ತಾವಾಗಿಯೇ ಅರ್ಥವಾಗುತ್ತವೆ.

ಒಳಗೆ ನಡೆಯುವುದೇನು

ಹಾಲಿನ ನಾಳದೊಳಗೆ ಗಟ್ಟಿಯಾದ ಹಾಲಿನ ಬಿರಡೆಯೊಂದು ಸಿಕ್ಕಿಕೊಂಡಿದೆ, ಅದನ್ನು ಒತ್ತಿ ಹೊರಗೆ ತಳ್ಳಬೇಕು ಎಂಬುದು ಹಳೆಯ ಕಲ್ಪನೆ. ವಾಸ್ತವದಲ್ಲಿ ಸ್ತನದ ನಾಳಗಳು ಬಹಳ ಸಣ್ಣವು, ಅಸಂಖ್ಯ, ಮತ್ತು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದು ಭಾಗದಲ್ಲಿ ಹಾಲು ಅತಿಯಾಗಿ ತುಂಬಿದಾಗ ಅಲ್ಲಿನ ಅಂಗಾಂಶ ಊದಿಕೊಳ್ಳುತ್ತದೆ, ರಕ್ತನಾಳಗಳಿಂದ ನೀರಿನಂಶ ಹೊರಬಂದು ನಾಳಗಳ ಸುತ್ತ ಸೇರುತ್ತದೆ, ಆ ಊತ ಹೊರಗಿನಿಂದ ನಾಳವನ್ನು ಅಮುಕಿ ಇಕ್ಕಟ್ಟಾಗಿಸುತ್ತದೆ. ಕೈಗೆ ಸಿಗುವ ಗಂಟು ಬಹುಮಟ್ಟಿಗೆ ಈ ಊತವೇ ಹೊರತು ಕಟ್ಟಿಕೊಂಡ ಹಾಲಿನ ಉಂಡೆಯಲ್ಲ. ಊದಿದ ಜಾಗವನ್ನು ಬಲವಾಗಿ ತಿಕ್ಕಿದರೆ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗಿ ಊತ ಹೆಚ್ಚುತ್ತದೆ. ಪಂಪಿನಿಂದ ಮತ್ತೆ ಮತ್ತೆ ಬರಿದು ಮಾಡಿದರೆ, ಇಷ್ಟು ಹಾಲು ಬೇಕಾಗಿದೆ ಎಂಬ ಸಂದೇಶ ದೇಹಕ್ಕೆ ಹೋಗಿ ಮರುದಿನ ಇನ್ನೂ ಹೆಚ್ಚು ಹಾಲು ಬರುತ್ತದೆ.

ಈ ಊತ ಒಂದೇ ಹಂತದಲ್ಲಿ ನಿಲ್ಲುವುದಿಲ್ಲ. ಮೊದಲು ನೋಯುವ ಗಂಟು ಮಾತ್ರ ಇರುತ್ತದೆ. ಇದನ್ನೇ ನಾವು ಹಾಲು ಕಟ್ಟಿಕೊಳ್ಳುವುದು ಎನ್ನುತ್ತೇವೆ. ಅದು ಹಬ್ಬಿದಾಗ ಚರ್ಮ ಕೆಂಪಾಗಿ, ಬಿಸಿಯಾಗಿ, ಮೈಕೈ ನೋವು ಮತ್ತು ಜ್ವರ ಬರುತ್ತದೆ. ಇದು ಸ್ತನದ ಉರಿಯೂತ, ವೈದ್ಯರು ಹೇಳುವ ಮ್ಯಾಸ್ಟೈಟಿಸ್. ಈ ಹಂತದಲ್ಲೂ ಸೋಂಕು ಇರಲೇಬೇಕೆಂದಿಲ್ಲ. ಉರಿಯೂತವಷ್ಟೇ ಜ್ವರ ತರಿಸಬಲ್ಲದು. ಅದು ಇಳಿಯದೆ ಉಳಿದಾಗ ಬ್ಯಾಕ್ಟೀರಿಯಾಗಳ ಸೋಂಕು, ಅದಕ್ಕೂ ಚಿಕಿತ್ಸೆ ಸಿಗದಿದ್ದರೆ ಕೀವು ತುಂಬಿದ ಕುರು, ಹೀಗೆ ಮುಂದುವರಿಯುತ್ತದೆ. ಮನೆಯಲ್ಲಿ ಮಾಡಬಹುದಾದ ಕೆಲಸವೆಲ್ಲ ಮೊದಲ ಎರಡು ಹಂತಗಳಿಗೆ ಸೇರಿದ್ದು.

ಬೇಗ ಗುರುತಿಸುವ ಬಗೆ

ಹೆರಿಗೆಯ ನಂತರ 3ರಿಂದ 5ನೇ ದಿನದಲ್ಲಿ ಎರಡೂ ಎದೆ ಒಟ್ಟಿಗೆ ಭಾರವಾಗಿ ಬಿಗಿಯುವುದು ಹಾಲು ಇಳಿಯುವ ಸಹಜ ಕ್ರಮ. ನಾವು ಹುಡುಕಬೇಕಾದದ್ದು ಒಂದೇ ಬದಿಯಲ್ಲಿ, ಒಂದೇ ಭಾಗದಲ್ಲಿ, ಮಗು ಕುಡಿದ ಮೇಲೂ ಮೆತ್ತಗಾಗದೆ ಉಳಿಯುವ ನೋವಿನ ಗಟ್ಟಿತನವನ್ನು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಇದು ಹೆಚ್ಚು, ಆದರೆ ಹಾಲೂಡಿಸುವ ಯಾವ ತಿಂಗಳಿನಲ್ಲೂ ಬರಬಹುದು.

ಪುಸ್ತಕಗಳಲ್ಲಿ ಹೇಳುವ ಕೆಂಪು ಬಣ್ಣ ನಮ್ಮ ಗೋಧಿ ಅಥವಾ ಕಪ್ಪು ಮೈಬಣ್ಣದಲ್ಲಿ ಅನೇಕ ಬಾರಿ ಕಾಣುವುದೇ ಇಲ್ಲ. ಬಣ್ಣವನ್ನೇ ಕಾಯುತ್ತ ಕುಳಿತವರು ಒಂದು ದಿನ ತಡಮಾಡುತ್ತಾರೆ. ಅದರ ಬದಲು ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಎರಡೂ ಬದಿಯನ್ನು ಹೋಲಿಸಿ ನೋಡಬೇಕು: ಒಂದು ಕಡೆಯ ಚರ್ಮ ಬಿಗಿದು ಹೊಳೆಯುತ್ತಿದೆಯೇ, ಸುತ್ತಲಿನದಕ್ಕಿಂತ ಸ್ವಲ್ಪ ಗಾಢವಾಗಿದೆಯೇ, ಕೈಯ ಹಿಂಬದಿಯಿಂದ ಮುಟ್ಟಿದಾಗ ಹೆಚ್ಚು ಬಿಸಿಯಾಗಿದೆಯೇ ಎಂದು. ಗಟ್ಟಿಯಾದ ಭಾಗದ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದಿಟ್ಟರೆ, ಊತ ಗೆರೆ ದಾಟಿತೋ ಒಳಗೆ ಸರಿಯಿತೋ ಎಂಬುದು ಮನೆಯವರ ಅಂದಾಜಿಗೆ ಬಿಡದೆ ಕಣ್ಣಿಗೇ ಕಾಣುತ್ತದೆ.

ಜ್ವರ ನೋಡುವುದರಲ್ಲೂ ಒಂದು ಸೂಕ್ಷ್ಮವಿದೆ. ಹಾಲು ತುಂಬಿದ, ಉರಿಯುವ ಎದೆಯ ಪಕ್ಕದ ಕಂಕುಳು ತಾನೇ ಬಿಸಿಯಾಗಿರುವುದರಿಂದ ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ಇಡುವುದು ಒಳ್ಳೆಯದು. ಬಾಣಂತಿ ಸ್ನಾನ, ಕೆಂಡದ ಶಾಖ, ಬಿಸಿ ಗಂಜಿ ಇವುಗಳಾದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಟ್ಟು ನೋಡಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಜ್ವರವೆಂದು ಎಣಿಸಿ ಗಂಟೆಯ ಸಮೇತ ಬರೆದಿಡಬೇಕು.

ಮೊದಲ ಹೆಜ್ಜೆ: ಹಾಲೂಡಿಸುವುದನ್ನು ನಿಲ್ಲಿಸದಿರುವುದು

ಹಸುವಿಗೆ ಕೆಚ್ಚಲು ಬಾವು ಬಂದರೆ ಆ ಹಾಲನ್ನು ಚೆಲ್ಲುವುದನ್ನು ಕಂಡು ಬೆಳೆದ ಹಿರಿಯರು, ಬಾಣಂತಿಯ ಹಾಲೂ ಕೆಟ್ಟಿದೆಯೆಂದು ಮಗುವನ್ನು ಆ ಎದೆಯಿಂದ ದೂರ ಇಡಲು ಹೇಳುವುದುಂಟು. ತಾಯಿಯ ವಿಷಯದಲ್ಲಿ ಇದು ಸರಿಯಲ್ಲ. ಉರಿಯೂತವಿರುವ ಎದೆಯ ಹಾಲು, ಸೋಂಕಿದ್ದರೂ ಕೂಡ, ಹುಟ್ಟಿದ ಹೊತ್ತಿಗೆ ದಿನ ತುಂಬಿದ್ದ ಆರೋಗ್ಯವಂತ ಮಗುವಿಗೆ ಹಾನಿ ಮಾಡುವುದಿಲ್ಲ. ಅದರಲ್ಲಿ ಉಪ್ಪಿನಂಶ ಹೆಚ್ಚುವುದರಿಂದ ರುಚಿ ಸ್ವಲ್ಪ ಬದಲಾಗಿ ಮಗು ಒಂದೆರಡು ದಿನ ಆ ಬದಿಯಲ್ಲಿ ಗೊಣಗಬಹುದು, ಅಷ್ಟೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮಾತ್ರ ಹಾಲು ನಿಂತು ಊತ ಏರಿ ಕುರುವಾಗುವ ಸಂಭವ ಹೆಚ್ಚುತ್ತದೆ. ಮಗು ದಿನ ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯುದಲ್ಲಿದ್ದರೆ ಅಲ್ಲಿನ ಮಕ್ಕಳ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ತಾಯಿಗೆ ಎಚ್‌ಐವಿ ಇದ್ದಲ್ಲಿ ಉರಿಯೂತವಿರುವ ಎದೆಯ ಹಾಲಿನಿಂದ ಮಗುವಿಗೆ ಸೋಂಕು ತಗಲುವ ಅಪಾಯ ಹೆಚ್ಚುವುದರಿಂದ, ಆ ಬದಿಯಲ್ಲಿ ಕುಡಿಸದೆ ತಕ್ಷಣ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರವನ್ನು ಸಂಪರ್ಕಿಸಬೇಕು.

ಎರಡೂ ಬದಿಯಲ್ಲಿ, ಮಗು ಕೇಳಿದಾಗ, ಮಗುವಿಗೆ ಸಾಕಾಗುವಷ್ಟು ಹೊತ್ತು ಕುಡಿಸುವುದು ಕ್ರಮ. ನೋಯುವ ಬದಿಯನ್ನು ಬರಿದು ಮಾಡಲೆಂದು ಅದನ್ನೇ ಹೆಚ್ಚು ಸಲ ಕೊಡುವ ಅಗತ್ಯವಿಲ್ಲ. ಮಗು ಕುಡಿದಾದ ಮೇಲೆ ಪಂಪ್ ಹಚ್ಚುವುದೂ ಬೇಡ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗ ಗಟ್ಟಿಯಾಗಿ ಮಗುವಿನ ಬಾಯಿಗೆ ಹಿಡಿತ ಸಿಗದಿದ್ದರೆ, ಎರಡೂ ಕೈಗಳ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ಪಕ್ಕೆಲುಬಿನ ಕಡೆಗೆ ನಿಧಾನವಾಗಿ ಒತ್ತಿ ಸುಮಾರು ಒಂದು ನಿಮಿಷ ಹಿಡಿದುಕೊಳ್ಳಬೇಕು. ನೀರಿನಂಶ ಹಿಂದೆ ಸರಿದು ಆ ಭಾಗ ಮೆತ್ತಗಾಗುತ್ತದೆ, ತಕ್ಷಣ ಮಗುವನ್ನು ಹಚ್ಚಬೇಕು. ಅದೂ ಆಗದಿದ್ದರೆ ಕೈಯಿಂದ ಎದೆ ಹಗುರಾಗುವಷ್ಟು ಮಾತ್ರ ಹಾಲು ತೆಗೆದು ಮಗುವಿಗೆ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ಐದು ದಿನ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು.

ಎರಡನೆಯ ಹೆಜ್ಜೆ: ತಂಪು, ನೇವರಿಕೆ, ಮಾತ್ರೆ

ಫ್ರಿಜ್ಜಿನ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೋಯುವ ಭಾಗದ ಮೇಲೆ 10ರಿಂದ 15 ನಿಮಿಷ ಇಡಬೇಕು. ಎಚ್ಚರವಾಗಿರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಇಟ್ಟರೂ ತೊಂದರೆಯಿಲ್ಲ. ಬರಿಯ ಐಸನ್ನು ಚರ್ಮಕ್ಕೆ ತಾಗಿಸಬಾರದು. ಬಾಣಂತಿಗೆ ತಂಪು ಎಂದರೆ ಸನ್ನಿ, ವಾಯು ಎಂದು ಮನೆಯವರು ಹೆದರುವುದು ಇಲ್ಲಿಯೇ. ಇಲ್ಲಿ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಕಾಲಿಗೆ ಸಾಕ್ಸ್, ಕುಡಿಯಲು ಬಿಸಿನೀರು ಎಲ್ಲವೂ ಇರಲಿ. ತಂಪು ಎದೆಯ ಆ ಒಂದು ಭಾಗಕ್ಕೆ ಮಾತ್ರ ಎಂದರೆ ಹೆಚ್ಚಿನ ಅಜ್ಜಿಯರು ಒಪ್ಪುತ್ತಾರೆ. ಬಿಸಿನೀರಿನ ಸ್ನಾನವನ್ನೂ ಬಿಡಬೇಕಾಗಿಲ್ಲ, ಆದರೆ ಹಂಡೆಯ ಕುದಿನೀರನ್ನು ಎದೆಯ ಮೇಲೆ ನೇರವಾಗಿ ಎರಚುವುದು ಈ ದಿನಗಳಲ್ಲಿ ಬೇಡ, ಏಕೆಂದರೆ ಬಿಸಿ ಕ್ಷಣಕ್ಕೆ ಹಿತವೆನಿಸಿದರೂ ರಕ್ತ ಸಂಚಾರ ಹೆಚ್ಚಿಸಿ ಊತವನ್ನು ಬೆಳೆಸಬಹುದು.

ಎಣ್ಣೆ ಸ್ನಾನ ಮಾಡಿಸಲು ಬರುವವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು: ಬೆನ್ನು, ಸೊಂಟ, ಕಾಲು ತಿಕ್ಕಲಿ, ಎದೆಯನ್ನು ಮುಟ್ಟುವುದು ಬೇಡ. ನೇವರಿಸುವುದನ್ನು ತಾಯಿಯೇ ಮಾಡಿಕೊಳ್ಳುವುದು ಉತ್ತಮ. ಮಲಗಿಕೊಂಡು, ಚರ್ಮ ಮಾತ್ರ ಸರಿಯುವಷ್ಟು ಹಗುರವಾಗಿ, ಗಂಟಿನ ಕಡೆಯಿಂದ ಕಂಕುಳಿನ ಕಡೆಗೂ ಕೊರಳಿನ ಎಲುಬಿನ ಕಡೆಗೂ ಬೆರಳಾಡಿಸಬೇಕು. ಊತದ ನೀರಿನಂಶ ಹರಿದುಹೋಗುವ ದಾರಿ ಅದೇ ಕಡೆಗಿದೆ. ತೊಟ್ಟಿನ ಕಡೆಗೆ ಒತ್ತಿ ಇಳಿಸುವುದಲ್ಲ. ನೋವಾಯಿತೆಂದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಸೂಜಿಯಿಂದ ಚುಚ್ಚಬಾರದು, ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ.

ಮಾತ್ರೆಯಲ್ಲಿ, ಉರಿಯೂತ ಇಳಿಸುವುದು ಐಬುಪ್ರೊಫೆನ್. ಸಾಮಾನ್ಯವಾಗಿ 400 ಮಿಲಿಗ್ರಾಂನ ಮಾತ್ರೆಯನ್ನು ಊಟವಾದ ಮೇಲೆ ಎಂಟು ಗಂಟೆಗೊಮ್ಮೆ ಎರಡು ಮೂರು ದಿನ ಕೊಡುತ್ತಾರೆ. ಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ. ಜ್ವರ ಮತ್ತು ನೋವಿಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ಇಲ್ಲಿ ಮೂರು ಎಚ್ಚರಿಕೆಗಳಿವೆ. ಸಿಸೇರಿಯನ್ ಆದವರಿಗೆ ಆಸ್ಪತ್ರೆಯಿಂದಲೇ ಡೈಕ್ಲೊಫೆನಾಕ್ ಅಥವಾ ಎರಡು ಔಷಧ ಸೇರಿದ ನೋವಿನ ಮಾತ್ರೆ ಕೊಟ್ಟಿರುತ್ತಾರೆ, ಅದರ ಮೇಲೆ ಐಬುಪ್ರೊಫೆನ್ ಸೇರಿಸಿದರೆ ಇಮ್ಮಡಿಯಾಗುತ್ತದೆ, ಆದ್ದರಿಂದ ಹಾಳೆಯ ಹಿಂದಿನ ಹೆಸರು ಓದಲೇಬೇಕು. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಯಿಂದ ಉಬ್ಬಸ ಬರುವವರು ಮತ್ತು ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರು ವೈದ್ಯರನ್ನು ಕೇಳದೆ ಇದನ್ನು ನುಂಗಬಾರದು. ಮೂರನೆಯದು ಬೆಂಗಳೂರಿಗೆ ವಿಶೇಷವಾಗಿ ಅನ್ವಯಿಸುವಂಥದ್ದು: ಮಳೆಗಾಲದಲ್ಲಿ ಜ್ವರ ಜೋರಾಗಿ, ಕಣ್ಣಿನ ಹಿಂದೆ ನೋವು, ಮೈಮೇಲೆ ಗಂಧೆ ಇದ್ದು ಎದೆಯ ಚಿಹ್ನೆ ಅಷ್ಟಾಗಿ ಇಲ್ಲವೆಂದರೆ ಡೆಂಗಿಯ ಪರೀಕ್ಷೆ ಆಗುವವರೆಗೆ ಐಬುಪ್ರೊಫೆನ್ ಮುಟ್ಟದೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಬೇಕು. ಡೆಂಗಿಯಲ್ಲಿ ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿಮಾಡಬಹುದು. ಹೊಸ ಬಾಣಂತಿಯ ಜ್ವರಕ್ಕೆ ಗರ್ಭಕೋಶದ ಸೋಂಕು, ಮೂತ್ರದ ಸೋಂಕು, ಹೊಲಿಗೆಯ ಸೋಂಕು ಕೂಡ ಕಾರಣವಾಗಬಹುದು. ಕಿಬ್ಬೊಟ್ಟೆ ನೋವು, ವಾಸನೆಯುಳ್ಳ ಸ್ರಾವ, ಉರಿಮೂತ್ರ ಇದ್ದರೆ ಎದೆಯನ್ನೇ ನೋಡುತ್ತ ಕೂರಬಾರದು.

ಒಂದು ಪ್ರಸಂಗ

ಬಸವನಗುಡಿಯ ತವರುಮನೆಯಲ್ಲಿರುವ, 19 ದಿನದ ಮಗುವಿನ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮಗು ಚೆನ್ನಾಗಿ ಕುಡಿಯುತ್ತಿದೆ, ಆದರೂ ಮುಂದೆ ಕೆಲಸಕ್ಕೆ ಹೋಗುವಾಗ ಬೇಕಾಗುತ್ತದೆಂದು ಈಗಿನಿಂದಲೇ ದಿನಕ್ಕೆ ಮೂರು ಸಲ ಪಂಪ್ ಮಾಡಿ ಫ್ರೀಜರಿನಲ್ಲಿ ಇಡುತ್ತಿದ್ದಾಳೆ. ಜೊತೆಗೆ ಹಾಲು ಹೆಚ್ಚಲೆಂದು ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಯ ಉಪಚಾರವೂ ನಡೆದಿದೆ. ಒಂದು ರಾತ್ರಿ ಮಗು ಐದು ಗಂಟೆ ಎಡೆಬಿಡದೆ ಮಲಗಿತು, ಎಲ್ಲರಿಗೂ ಸಂತೋಷ. ಬೆಳಿಗ್ಗೆ ಬಲ ಎದೆಯ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ನಿಂಬೆಹಣ್ಣಿನಷ್ಟು ಗಟ್ಟಿಯಾದ ನೋವಿನ ಜಾಗ ಸಿಕ್ಕಿತು.

"ಹಾಲು ಕಟ್ಕೊಂಡಿದೆ ಕಣಮ್ಮ, ಬಿಸಿನೀರು ಹಾಕಿ ಚೆನ್ನಾಗಿ ತಿಕ್ಕಿದ್ರೆ ಕರಗುತ್ತೆ" ಎಂದು ಸ್ನಾನ ಮಾಡಿಸುವಾಕೆ ಹತ್ತು ನಿಮಿಷ ಬಲವಾಗಿ ಒತ್ತಿದಳು. ಮಧ್ಯಾಹ್ನಕ್ಕೆ ಪಂಪ್ ಹಚ್ಚಿ ಹಾಲನ್ನು ಬರಿದು ಮಾಡಿದರು. ಸಂಜೆ ಆರಕ್ಕೆ ಗಟ್ಟಿತನ ಅಂಗೈ ಅಗಲಕ್ಕೆ ಹಬ್ಬಿತ್ತು, ಬಾಯಿಯ ಉಷ್ಣತೆ 100.8. ಇಲ್ಲಿ ದಾರಿ ಬದಲಾಯಿಸಬೇಕು. ಪಂಪ್ ನಿಲ್ಲಿಸಿ, ಗೆರೆ ಎಳೆದು, ಐಸ್ ಇಟ್ಟು, ಊಟದ ನಂತರ ಐಬುಪ್ರೊಫೆನ್ ಕೊಟ್ಟು, ರಾತ್ರಿಯಿಡೀ ಮಗು ಕೇಳಿದಾಗ ಎರಡೂ ಕಡೆ ಕುಡಿಸುವುದು. ಮಗುವಿನ ಬಟ್ಟೆ ಬದಲಿಸುವುದನ್ನು ಬೇರೆಯವರು ವಹಿಸಿಕೊಂಡು ತಾಯಿಯನ್ನು ಮಲಗಲು ಬಿಡುವುದು.

ಮರುದಿನ ಸಂಜೆಗೆ ಎರಡು ರೀತಿಯಲ್ಲಿ ಮುಗಿಯಬಹುದು. ಜ್ವರ ಇಳಿದು, ಗೆರೆಯೊಳಗೆ ಊತ ಸರಿದಿದ್ದರೆ ಅದು ಬರಿಯ ಉರಿಯೂತ. ಪ್ರತಿಜೀವಕ ಬೇಕಿಲ್ಲ, ಇದೇ ಕ್ರಮ ಇನ್ನೆರಡು ಮೂರು ದಿನ ಸಾಕು. ಈ ತಾಯಿಗೆ ಹಾಗಾಗಲಿಲ್ಲ ಎಂದುಕೊಳ್ಳೋಣ. ಮಾತ್ರೆಯ ಪ್ರಭಾವ ಇಳಿಯುತ್ತಿದ್ದಂತೆ ಚಳಿ ಬಂದು ಜ್ವರ 102ಕ್ಕೆ ಏರಿತು, ಊತ ಗೆರೆ ದಾಟಿತು. ಜ್ವರ ಶುರುವಾಗಿ 24 ಗಂಟೆಯಾದರೂ ಚಿಹ್ನೆಗಳು ಇಳಿಯದಿದ್ದರೆ ಅಥವಾ ಅದಕ್ಕೂ ಮೊದಲೇ ಬಿಗಡಾಯಿಸಿದರೆ ಬ್ಯಾಕ್ಟೀರಿಯಾ ಸೋಂಕೆಂದು ಭಾವಿಸಿ ವೈದ್ಯರ ಬಳಿ ಹೋಗಬೇಕು. ಹೆರಿಗೆ ಮಾಡಿಸಿದ ವೈದ್ಯರು, ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ ಮೊದಲ ನಿಲ್ದಾಣವಾಗಬಹುದು.

ಪ್ರತಿಜೀವಕ ಆರಂಭವಾದ ಮೇಲೆ

ಈ ಸೋಂಕಿಗೆ ಸಾಮಾನ್ಯ ಕಾರಣ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ತಕ್ಕಂತೆ ಕ್ಲಾಕ್ಸಾಸಿಲಿನ್ ಗುಂಪಿನ ಔಷಧ ಅಥವಾ ಸೆಫಲೆಕ್ಸಿನ್ 500 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, 10ರಿಂದ 14 ದಿನ ಬರೆಯುವುದು ರೂಢಿ. ಇವು ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದ ಔಷಧಗಳು. ಮಗುವಿಗೆ ಮಲ ಸ್ವಲ್ಪ ತೆಳ್ಳಗಾಗಬಹುದು, ಅದಕ್ಕಾಗಿ ಔಷಧ ನಿಲ್ಲಿಸುವುದಾಗಲಿ ಹಾಲು ನಿಲ್ಲಿಸುವುದಾಗಲಿ ಬೇಡ. ಪೆನ್ಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ದಿನದ ಮಾತ್ರೆ ತರುವುದು ಈ ಕಾಯಿಲೆಯಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು: ಜ್ವರ ಇಳಿಯುತ್ತದೆ, ಸೋಂಕು ಒಳಗೇ ಉಳಿಯುತ್ತದೆ.

ಸರಿಯಾದ ಔಷಧವಾದರೆ 48 ಗಂಟೆಯೊಳಗೆ ಜ್ವರ ಮತ್ತು ನೋವು ಸ್ಪಷ್ಟವಾಗಿ ಇಳಿಯಬೇಕು. ಇಳಿಯದಿದ್ದರೆ ಎರಡು ಅನುಮಾನಗಳು. ಮೊದಲನೆಯದು ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಅದಕ್ಕೆ ಹಾಲಿನ ಕಲ್ಚರ್ ಪರೀಕ್ಷೆ ಮಾಡಿಸಿ ಔಷಧ ಬದಲಿಸುತ್ತಾರೆ. ಎರಡನೆಯದು ಕುರು. ಜ್ವರ ಇಳಿದೂ ಒಂದು ಜಾಗ ನೋವಿನಿಂದ ಗಟ್ಟಿಯಾಗಿಯೇ ಉಳಿದಿದ್ದರೆ, ಅಥವಾ ಗಟ್ಟಿಯಾದದ್ದರ ನಡುವೆ ಒತ್ತಿದಾಗ ತುಳುಕುವಂತೆ ಮೆತ್ತಗೆ ಸಿಕ್ಕರೆ, ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಬೇಕು. ಈಗ ಕುರುವನ್ನು ಕೊಯ್ದು ತೆರೆಯುವುದಕ್ಕಿಂತ, ಸ್ಕ್ಯಾನ್ ನೋಡುತ್ತ ಸೂಜಿಯಿಂದ ಕೀವು ಹೀರಿ ತೆಗೆಯುವುದನ್ನೇ ಮೊದಲು ಪ್ರಯತ್ನಿಸುತ್ತಾರೆ, ಕೆಲವೊಮ್ಮೆ ಎರಡು ಮೂರು ಸಲ ಬೇಕಾಗಬಹುದು. ಆಗಲೂ ಹಾಲೂಡಿಸುವುದನ್ನು ಮುಂದುವರಿಸಬಹುದು. ಗಾಯ ಮಗುವಿನ ಬಾಯಿ ತಾಗುವಷ್ಟು ತೊಟ್ಟಿಗೆ ಹತ್ತಿರವಿದ್ದರೆ ಮಾತ್ರ, ಅದು ಒಣಗುವವರೆಗೆ ಆ ಬದಿಯಲ್ಲಿ ಕೈಯಿಂದ ಹಾಲು ತೆಗೆದು, ಇನ್ನೊಂದು ಬದಿಯಲ್ಲಿ ಕುಡಿಸಬೇಕು. ಹಾಲು ನಿಲ್ಲಿಸುವ ಮಾತ್ರೆಯನ್ನು ಯಾರಾದರೂ ಬರೆದರೆ, ಅದು ಯಾಕೆ ಬೇಕು ಎಂದು ಕೇಳಿ ತಿಳಿದ ಮೇಲಷ್ಟೇ ನುಂಗುವುದು ಒಳಿತು.

ಮೈ ನಡುಗುವ ಚಳಿಯೊಂದಿಗೆ ಎದೆಬಡಿತ ಏರಿಯೇ ಇರುವುದು, ಉಸಿರು ಕಟ್ಟುವುದು, ಮೂತ್ರ ತೀರಾ ಕಡಿಮೆಯಾಗುವುದು, ಮಾತು ತಡವರಿಸುವುದು ಅಥವಾ ಮಂಕು ಕವಿಯುವುದು ಇವು ಸೋಂಕು ರಕ್ತಕ್ಕಿಳಿದ ಸೂಚನೆ. ಆಗ 24 ಗಂಟೆ, 48 ಗಂಟೆಯ ಲೆಕ್ಕವಿಲ್ಲ, ರಾತ್ರಿಯಾದರೂ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.

ಮತ್ತೆ ಬರದಂತೆ

ಬಸವನಗುಡಿಯ ತಾಯಿಯ ತೊಂದರೆಯ ಮೂಲ ಮಗುವಿನ ಐದು ಗಂಟೆಯ ನಿದ್ದೆಯಲ್ಲ, ಅದಕ್ಕೂ ಮೊದಲಿನ ಅಗತ್ಯಕ್ಕಿಂತ ಹೆಚ್ಚಿನ ಹಾಲು. ದಿನಕ್ಕೆ ಮೂರು ಸಲ ಪಂಪ್ ಮಾಡಿ ದೇಹಕ್ಕೆ ಒಂದೂವರೆ ಮಗುವಿನ ಹಾಲಿನ ಅಭ್ಯಾಸ ಮಾಡಿಸಿದ ಮೇಲೆ ಒಂದು ಸಲ ತಪ್ಪಿದರೂ ಎದೆ ಬಿಗಿಯುತ್ತದೆ. ಮಗು ನೇರವಾಗಿ ಕುಡಿಯುತ್ತಿರುವಾಗ ಉರಿಯೂತದ ದಿನಗಳಲ್ಲಿ ಹೆಚ್ಚುವರಿ ಪಂಪ್ ಬೇಡ. ಬಿಗಿತ ತಡೆಯಲಾಗದಿದ್ದರೆ ನೆಮ್ಮದಿಯೆನಿಸುವಷ್ಟು ಮಾತ್ರ ಕೈಯಿಂದ ತೆಗೆಯಬೇಕು. ಬಹಳ ದಿನದಿಂದ ಪಂಪಿನ ಮೇಲೆಯೇ ಇರುವವರು ಒಮ್ಮೆಲೇ ಬಿಡದೆ, ಎರಡು ಮೂರು ದಿನಕ್ಕೊಮ್ಮೆ ತೆಗೆಯುವ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಪಂಪಿನ ಕೊಳವೆ ತೊಟ್ಟಿಗೆ ಬಿಗಿಯಾಗಿದ್ದು ಉಜ್ಜುತ್ತಿದ್ದರೆ ಅಳತೆ ಬದಲಿಸಬೇಕು. ಬಿಗಿಯಾದ ಬ್ರಾ, ಎದೆಯ ಮೇಲೆ ಒತ್ತುವ ಬೇಬಿ ಕ್ಯಾರಿಯರ್ ಪಟ್ಟಿ ಕೂಡ ಅದೇ ಜಾಗದಲ್ಲಿ ಗಂಟು ತರಿಸಬಹುದು. ತೊಟ್ಟು ಬಿರಿದು ನೋಯುತ್ತಿದ್ದರೆ ಮಗು ಹಿಡಿಯುವ ರೀತಿಯನ್ನು ಆಸ್ಪತ್ರೆಯ ದಾದಿಗೋ ಹಾಲೂಡಿಸುವ ಬಗ್ಗೆ ತರಬೇತಿ ಪಡೆದವರಿಗೋ ತೋರಿಸಿ ಸರಿಪಡಿಸಿಕೊಳ್ಳಬೇಕು.

ಸೋಂಕು ಪೂರ್ತಿ ಇಳಿದ ಮೇಲೂ ಒಂದು ಗಂಟು ಎರಡು ಮೂರು ವಾರ ಕಳೆದು ಹಾಗೆಯೇ ಉಳಿದಿದ್ದರೆ, ಅಥವಾ ಚರ್ಮ ಕಿತ್ತಳೆ ಸಿಪ್ಪೆಯಂತೆ ಕುಳಿಬಿದ್ದು ದಪ್ಪವಾಗಿದ್ದರೆ, ಅಥವಾ ಅದೇ ಜಾಗದಲ್ಲಿ ಪದೇ ಪದೇ ಬಾವು ಬರುತ್ತಿದ್ದರೆ, ಹಾಲಿನ ಗಂಟೇ ಇರಬೇಕೆಂದು ಬಿಡದೆ ಶಸ್ತ್ರವೈದ್ಯರಿಗೆ ತೋರಿಸಬೇಕು. ಅಪರೂಪಕ್ಕೆ ಸ್ತನದ ಕ್ಯಾನ್ಸರ್ ಇದೇ ರೂಪದಲ್ಲಿ ಬರುತ್ತದೆ. ಅಲ್ಟ್ರಾಸೌಂಡ್ ಮತ್ತು ಮ್ಯಾಮೊಗ್ರಾಂ ಎರಡನ್ನೂ ಹಾಲೂಡಿಸುತ್ತಿರುವಾಗಲೇ ಮಾಡಿಸಬಹುದು. ಪರೀಕ್ಷೆಗೆ ಸ್ವಲ್ಪ ಮೊದಲು ಮಗುವಿಗೆ ಕುಡಿಸಿ ಹೋದರೆ ಚಿತ್ರ ಹೆಚ್ಚು ಸ್ಪಷ್ಟವಾಗಿ ಬರುತ್ತದೆ, ಪರೀಕ್ಷೆ ಮುಗಿದ ತಕ್ಷಣ ಮತ್ತೆ ಕುಡಿಸಬಹುದು.